ಗೋದಾಮಿನ ಬೆಂಕಿ ಸುದ್ದಿ: ಅಂಕ ಹೋದದ್ದು ಎಲ್ಲಿ?

“ಸುದ್ದಿ ಬರೆಯುವ ಅಭ್ಯಾಸಕ್ಕೆ ಕೊಟ್ಟ ಫ್ಯಾಕ್ಟ್ ಶೀಟ್‌ನಲ್ಲಿ ಇದ್ದದ್ದನ್ನೇ ಬರೆದೆ. ‘ಶನಿವಾರ ರಾತ್ರಿ 11.40ಕ್ಕೆ ಗೋದಾಮಿನಲ್ಲಿ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿತು’ ಅನ್ನುವುದು ನನ್ನ ಲೀಡ್. ಲೀಡ್‌ಗೂ ನಿಖರತೆಗೂ ಅಂಕ ಯಾಕೆ ಕಡಿಮೆ?”

ನೀವು ಹಾಕಿರುವ ಶೀಟ್ ಪೂರ್ತಿ ಓದಿದೆ. ಅದು ಗಡಿಯಾರದ ಕ್ರಮದಲ್ಲಿದೆ, ನೀವೂ ಅದೇ ಕ್ರಮ ಹಿಡಿದಿದ್ದೀರಿ. ಇಂಥ ಅಭ್ಯಾಸಗಳಲ್ಲಿ ಮುಖ್ಯ ಸಂಗತಿಯನ್ನು ಎಷ್ಟೋ ಸಲ ಬೇಕಂತಲೇ ಕೆಳಗೆ ಇಡುತ್ತಾರೆ. ಇಲ್ಲಿ ಅದು 9ನೇ ಸಾಲು: 7 ಮಂದಿ ಕಾರ್ಮಿಕರಿಗೆ ಗಾಯ, ಅವರಲ್ಲಿ ಇಬ್ಬರ ಸ್ಥಿತಿ ಗಂಭೀರ. ಜನರಿಗೆ ಏನಾಯಿತು ಅನ್ನುವುದು ಮೊದಲು ಬರಬೇಕು. ಗಂಟೆ, ನಿಮಿಷ ಎರಡನೇ ಪ್ಯಾರಾದಲ್ಲಿ ಬಂದರೆ ಸಾಕು.

ನಿಖರತೆಯ ದೊಡ್ಡ ತಪ್ಪು ಒಂದೇ ಪದದಲ್ಲಿದೆ. ಅಗ್ನಿಶಾಮಕ ಅಧಿಕಾರಿ ಹೇಳಿರುವುದು ‘ಶಾರ್ಟ್ ಸರ್ಕ್ಯೂಟ್ ಇರಬಹುದು, ತನಿಖೆ ನಡೆಯುತ್ತಿದೆ’ ಅಂತ. ನೀವು ‘ಇರಬಹುದು’ ಬಿಟ್ಟಿರಿ. ಶಂಕೆ ಹೋಗಿ ತೀರ್ಪು ಆಯಿತು, ಹೇಳಿದವರೂ ಕಾಣೆಯಾದರು. ನಾಳೆ ಯಾರೋ ಬೆಂಕಿ ಹಚ್ಚಿದ್ದು ಅಂತ ಗೊತ್ತಾದರೆ ನಿಮ್ಮ ಸುದ್ದಿ ಸುಳ್ಳಾಗುತ್ತದೆ, ಅಲ್ವಾ? ಇನ್ನೊಂದು, ನಿಮ್ಮ ಸುದ್ದಿಯ 3ನೇ ಪ್ಯಾರಾದಲ್ಲಿ ‘9 ಮಂದಿಗೆ ಗಾಯ’ ಅಂತಿದೆ. ಆ ಇಬ್ಬರು 7 ಮಂದಿಯ ಒಳಗೇ ಇದ್ದಾರೆ, ಕೂಡಿಸುವ ಹಾಗಿಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಗೋದಾಮಿನಲ್ಲಿ ಶನಿವಾರ ರಾತ್ರಿ ಬೆಂಕಿ ಹೊತ್ತಿಕೊಂಡು 7 ಮಂದಿ ಕಾರ್ಮಿಕರು ಗಾಯಗೊಂಡಿದ್ದು, ಇಬ್ಬರ ಸ್ಥಿತಿ ಗಂಭೀರವಾಗಿದೆ.’ ತಲೆಬರಹ: ‘ಗೋದಾಮಿಗೆ ಬೆಂಕಿ: 7 ಕಾರ್ಮಿಕರಿಗೆ ಗಾಯ’. ನಿಮ್ಮ ‘ಭೀಕರ ಅಗ್ನಿ ದುರಂತ’ ಜಾಸ್ತಿಯಾಯಿತು. ‘ಭೀಕರ’ ಶೀಟ್‌ನಲ್ಲಿ ಎಲ್ಲೂ ಇಲ್ಲ. ಮುಂದಿನ ಸಲ ಕೊಡುವ ಮುಂಚೆ ಪ್ರತಿ ಅಂಕಿ, ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಶೀಟ್ ಜೊತೆ ತಾಳೆ ನೋಡಿ.