ಮಗು ಸುಮ್ಮನಾದ ಆ ಅರ್ಧ ಗಂಟೆ

ನಾನು ಮಕ್ಕಳ ವಿಭಾಗದಲ್ಲಿ ಆಪ್ತಸಲಹೆಗಾರ್ತಿ. ಮಗು ಹುಷಾರಾಗಿ ಮನೆಗೆ ಹೋದ ಮೇಲೂ ಆ ಒಂದು ರಾತ್ರಿ ತಲೆಯಿಂದ ಇಳಿಯದ ಅಪ್ಪ ಅಮ್ಮಂದಿರನ್ನು ವೈದ್ಯರು ನನ್ನ ಹತ್ತಿರ ಕಳಿಸುತ್ತಾರೆ. ಈ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಮಗಳಿಗೆ 20 ತಿಂಗಳು. ಧ್ವನಿಪೆಟ್ಟಿಗೆಯ ಹತ್ತಿರ ಊತ ಬಂದು ಉಸಿರಿನ ದಾರಿ ಕಿರಿದಾಗುವ ಕ್ರೂಪ್ ಅನ್ನುವ ಕಾಯಿಲೆ ಆಗಿ 11 ದಿನ ಕಳೆದಿತ್ತು. ನನ್ನ ಕೋಣೆಯಲ್ಲಿ ಅವಳು ಕುರ್ಚಿ ಕೆಳಗೆ ತೂರಿ ಆಡಿಕೊಂಡಿದ್ದಳು. ಅಮ್ಮನ ಕಣ್ಣು ಮಾತ್ರ ಕೆಂಪಾಗಿತ್ತು. "ರಾತ್ರಿಯೆಲ್ಲ ಅವಳ ಬೆನ್ನ ಮೇಲೆ ಕೈ ಇಟ್ಕೊಂಡೇ ಇರ್ತೀನಿ ಮೇಡಂ. ಒಂದು ಸಲ ಕೆಮ್ಮಿದರೆ ಎದ್ದು ಲೈಟ್ ಹಾಕ್ತೀನಿ" ಅಂದರು. ಗಂಡ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. "ಇವಳು ಎಲ್ಲದಕ್ಕೂ ಹೆದರ್ತಾಳೆ" ಅಂತ ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ತಡ ಮಾಡಿದ್ದು ನಾನು" ಅಂದರು.

ಸಮಾಧಾನ ಹೇಳುವ ಮೊದಲು ಆ ರಾತ್ರಿಯನ್ನು ಗಂಟೆಗಂಟೆಯಾಗಿ ಹೇಳಿಸಿದೆ. ಏನಾಯಿತು ಅನ್ನುವುದು ಸರಿಯಾಗಿ ಗೊತ್ತಾಗದೆ ಹೆದರಿಕೆ ಇಳಿಯುವುದಿಲ್ಲ.

ಎರಡು ದಿನದಿಂದ ಮಗುವಿಗೆ ನೆಗಡಿ, ಸ್ವಲ್ಪ ಮೈ ಬಿಸಿ. ಸಂಜೆ 5ಕ್ಕೆ ವೈದ್ಯರಿಗೆ ತೋರಿಸಿದ್ದರು. ಎದೆ ಸರಿ ಇದೆ, ನೆಗಡಿ ಅಷ್ಟೇ ಅಂದಿದ್ದರು. ಮಲಗುವ ಹೊತ್ತಿಗೆ ಅಳುವಿನ ದನಿ ಒಡೆದ ಹಾಗಿತ್ತು. ರಾತ್ರಿ 12.45ಕ್ಕೆ ನಾಯಿ ಬೊಗಳಿದ ಹಾಗೆ ಒಂದು ಕೆಮ್ಮು. "ಬೀದಿ ನಾಯಿ ಅಂದ್ಕೊಂಡೆ. ಎರಡನೇ ಸಲ ಕೆಮ್ಮಿದಾಗ ನಮ್ಮ ಮಗು ಅಂತ ಗೊತ್ತಾಯ್ತು" ಅಂದರು ಅಮ್ಮ. ಮಗು ಎದ್ದು ಅತ್ತಳು. ಅತ್ತಾಗೆಲ್ಲ ಉಸಿರು ಒಳಗೆ ಎಳೆಯುವಾಗ ಗೊರ್ ಅನ್ನುವ ಕರ್ಕಶ ಸದ್ದು. ಮನೆಯಲ್ಲಿ ಉಳಿದಿದ್ದ ಕೆಮ್ಮಿನ ಸಿರಪ್ ಕುಡಿಸಿದರು. ಬಿಸಿನೀರಿನ ಪಾತ್ರೆ ತಂದು ಆವಿ ಹಿಡಿದರು. ಮಗು ಕೈಕಾಲು ಬಡಿದು ಕಿರುಚಿತು. ಸದ್ದು ಇನ್ನೂ ಜಾಸ್ತಿ ಆಯಿತು. ಆಸ್ಪತ್ರೆಗೆ ಹೋಗೋಣ ಅಂತ ಅಮ್ಮ, ಬೆಳಿಗ್ಗೆ ನೋಡೋಣ ಅಂತ ಅಪ್ಪ.

2 ಗಂಟೆ ಸುಮಾರಿಗೆ ಮಗು ಅಪ್ಪನ ಹೆಗಲ ಮೇಲೆ ಸುಮ್ಮನಾದಳು. ಕೆಮ್ಮು ನಿಂತಿತು. ಗೊರ್ ಸದ್ದು ಕಡಿಮೆ ಆಯಿತು. ನಿದ್ದೆ ಬಂತು ಅಂತ ಅಪ್ಪ ನಿಟ್ಟುಸಿರು ಬಿಟ್ಟರು. ಅರ್ಧ ಗಂಟೆ ಕಳೆದ ಮೇಲೆ, ಬೆವರಿಗೆ ಒದ್ದೆಯಾದ ಅಂಗಿ ಬದಲಿಸೋಣ ಅಂತ ಅಮ್ಮ ಲೈಟ್ ಹಾಕಿದರು. ಅಂಗಿ ಬಿಚ್ಚಿದಾಗ ಕಂಡಿದ್ದು ಇದು: ಪ್ರತಿ ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು, ಪಕ್ಕೆಲುಬುಗಳ ನಡುವಿನ ಚರ್ಮ ಸೆಳೆಯುತ್ತಿತ್ತು. ತೋಳು ಎತ್ತಿ ಅಂಗಿ ತೆಗೆದರೂ ಮಗು ಕಣ್ಣು ಬಿಡಲಿಲ್ಲ. ಅವರು ಚಪ್ಪಲಿ ಕೂಡ ಹಾಕದೆ ಓಡಿದರು.

ಆಸ್ಪತ್ರೆಯಲ್ಲಿ ಮಗುವನ್ನು ಅಮ್ಮನ ತೊಡೆಯ ಮೇಲೇ ಕೂರಿಸಿ, ಆಕ್ಸಿಜನ್ ಜೊತೆ ಮಾಸ್ಕಿನಲ್ಲಿ ಅಡ್ರಿನಲಿನ್ ಔಷಧವನ್ನು ಮಂಜಿನ ಹಾಗೆ ಕೊಟ್ಟರು. ಬಾಯಿಗೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಹಾಕಿದರು. ಸುಮಾರು 20 ನಿಮಿಷಕ್ಕೆ ಮಗು ಜೋರಾಗಿ ಅತ್ತಳು. ಅಲ್ಲಿದ್ದ ನರ್ಸ್, "ಅಳಲಿ ಬಿಡಿ, ಈ ಅಳು ಒಳ್ಳೇದು" ಅಂದರಂತೆ. ಆ ಮಾತು ಈ ತಾಯಿಗೆ ಅರ್ಥವಾಗದೆ 11 ದಿನ ಕೊರೆಯುತ್ತಿತ್ತು. ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡಿದೆ.

ಕಾಗದದ ಮೇಲೆ ಒಂದು ಸಣ್ಣ ವೃತ್ತ ಬರೆದೆ. ಧ್ವನಿಪೆಟ್ಟಿಗೆಯ ಕೆಳಗೆ ಉಸಿರುನಾಳ ಇಷ್ಟೇ ಸಣ್ಣದಿರುತ್ತದೆ. ಎಳೆ ಮಗುವಿಗೆ ಅಲ್ಲಿ ಅಗಲ ಸುಮಾರು 4 ಮಿಲಿಮೀಟರ್ ಅಂದ್ಕೊಳ್ಳಿ. ಅದರ ಸುತ್ತ ಹಿಗ್ಗದ ಮೆದು ಎಲುಬಿನ ಬಳೆ ಇದೆ, ಹಾಗಾಗಿ ಊತ ಹೊರಗೆ ಹೋಗಲಾರದು, ಒಳಕ್ಕೇ ಬರಬೇಕು. ನೆಗಡಿಯ ವೈರಸ್, ಹೆಚ್ಚಾಗಿ ಪ್ಯಾರಾಇನ್‌ಫ್ಲುಯೆಂಜಾ, ಅಲ್ಲಿಗೆ ಇಳಿದು ಒಳಪದರ ಸುತ್ತಲೂ ಬರೀ 1 ಮಿಲಿಮೀಟರ್ ಊದಿಕೊಂಡರೂ ಉಳಿಯುವ ಅಗಲ 2 ಮಿಲಿಮೀಟರ್. ಗಾಳಿ ಹೋಗುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ದೊಡ್ಡವರಿಗೆ ಅಷ್ಟೇ ಊತ ಬಂದರೆ ದನಿ ಕಟ್ಟುತ್ತದೆ, ಅಷ್ಟೇ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲೇ ಇದು ಜಾಸ್ತಿ ಕಾಣುವುದು ಇದಕ್ಕೇ.

ಆ ಸಣ್ಣ ದಾರಿಯಲ್ಲಿ ಗಾಳಿ ರಭಸವಾಗಿ ನುಗ್ಗಿದರೆ ಸದ್ದು ಬರುತ್ತದೆ. ಮಗು ಅತ್ತರೆ ರಭಸ ಹೆಚ್ಚು, ಸದ್ದೂ ಹೆಚ್ಚು. ಮಗು ದಣಿದು ಹೋದರೆ? ಎಳೆಯುವ ಶಕ್ತಿಯೇ ಇರುವುದಿಲ್ಲ, ಗಾಳಿ ಕಡಿಮೆ ಹೋಗುತ್ತದೆ, ಸದ್ದೂ ತಗ್ಗುತ್ತದೆ. ಆ ಅರ್ಧ ಗಂಟೆಯಲ್ಲಿ ಆಗಿದ್ದು ಇದೇ. ಊತ ಇಳಿದಿರಲಿಲ್ಲ, ಮಗು ಸೋತಿದ್ದಳು. ಔಷಧ ಕೆಲಸ ಮಾಡಿದಾಗ ಅಳುವಷ್ಟು ಗಾಳಿ ಸಿಕ್ಕಿತು. ನರ್ಸ್ ಅಳು ಒಳ್ಳೇದು ಅಂದದ್ದು ಅದಕ್ಕೆ.

ಇದನ್ನು ಹೇಳುವಾಗ ಅಪ್ಪನ ಮುಖ ನೋಡುವುದು ಕಷ್ಟವಾಗಿತ್ತು. ಆದರೂ ಸುಳ್ಳು ಸಮಾಧಾನ ಹೇಳಲಿಲ್ಲ. "ಸದ್ದು ನಿಂತರೆ ಗುಣವಾಯಿತು ಅಂತ ಯಾರಿಗಾದರೂ ಅನ್ನಿಸುತ್ತೆ. ನಿಮಗೆ ಇದು ಯಾರೂ ಹೇಳಿರಲಿಲ್ಲ. ಈಗ ಗೊತ್ತಾಯಿತು" ಅಂದೆ.

ಸಂಜೆ ನೋಡಿದ ವೈದ್ಯರ ಮೇಲೆ ತಾಯಿಗೆ ಸಿಟ್ಟಿತ್ತು. ಅದಕ್ಕೂ ಉತ್ತರ ಬೇಕಿತ್ತು. ಕ್ರೂಪ್ ಹಗಲು ಅಡಗಿ ರಾತ್ರಿ ಏಳುತ್ತದೆ. ಊತವನ್ನು ತಡೆಯುವ ಕಾರ್ಟಿಸೋಲ್ ನಮ್ಮ ಮೈಯಲ್ಲೇ ತಯಾರಾಗುತ್ತದೆ, ನಡುರಾತ್ರಿಯ ಹೊತ್ತಿಗೆ ಅದು ತೀರಾ ಕಡಿಮೆ ಇರುತ್ತದೆ. ರಾತ್ರಿ ಜೋರಾಗಲು ಇದೊಂದು ಕಾರಣ ಅನ್ನುತ್ತಾರೆ. 5 ಗಂಟೆಗೆ ನೋಡಿದಾಗ ಕಾಣುವಂಥದ್ದು ಏನೂ ಇದ್ದಿರಲಾರದು. ಅದೇ ಕಾರಣಕ್ಕೆ, ಒಂದು ರಾತ್ರಿ ಬೊಗಳಿದ ಮಗು ಮರುದಿನ ಓಡಾಡಿಕೊಂಡಿದ್ದರೂ ಆ ರಾತ್ರಿ ಮತ್ತೆ ಕೆಮ್ಮಬಹುದು. ಸಾಮಾನ್ಯವಾಗಿ ಎರಡು ಮೂರು ರಾತ್ರಿಯಲ್ಲಿ ಇಳಿಯುತ್ತದೆ.

ಆಮೇಲೆ ಅವರಿಗೆ ಕೊಟ್ಟ ಸಲಹೆ. ಮೊದಲನೆಯದು, ಕೆಮ್ಮು ಎಷ್ಟು ಭಯಂಕರವಾಗಿದೆ ಅನ್ನುವುದರಿಂದ ಅಳೆಯಬೇಡಿ. ಮಗುವನ್ನು ಎತ್ತಿ ಸಮಾಧಾನ ಮಾಡಿ. ಅಳು ನಿಂತ ಮೇಲೆ ಲೈಟ್ ಹಾಕಿ, ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಕತ್ತಿನ ಗುಳಿ ಮತ್ತು ಪಕ್ಕೆ ನೋಡಿ. ಬೊಗಳುವ ಕೆಮ್ಮು ಇದ್ದು, ಗೊರ್ ಸದ್ದು ಇಲ್ಲದೆ, ಪಕ್ಕೆ ಸೆಳೆಯದೆ ಮಗು ಆಟ ಆಡುತ್ತಾ ಕುಡಿಯುತ್ತಿದ್ದರೆ ಬೆಳಿಗ್ಗೆ ವೈದ್ಯರಿಗೆ ತೋರಿಸಬಹುದು. ಅತ್ತಾಗ ಮಾತ್ರ ಸದ್ದು ಬಂದು, ಸುಮ್ಮನಾದಾಗ ಪೂರ್ತಿ ಹೋದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ, ಒಬ್ಬರು ಎಚ್ಚರ ಇರಿ. ಸುಮ್ಮನೆ ಕೂತಾಗಲೋ ಮಲಗಿದಾಗಲೋ ಗೊರ್ ಸದ್ದು ಬಂದರೆ, ಇಲ್ಲವೇ ಪಕ್ಕೆ ಸೆಳೆದರೆ, ಆಗಲೇ ಆಸ್ಪತ್ರೆಗೆ ಹೊರಡಿ, ಗಂಟೆ ಎಷ್ಟೇ ಆಗಿರಲಿ. ತುಟಿ ನೀಲಿಯಾದರೆ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ಇಲ್ಲವೇ ಮಗು ತೂಕಡಿಸಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ.

ಇನ್ನೊಂದು ಬಗೆಯ ಮಗುವನ್ನೂ ಹೇಳಿದೆ, ಯಾಕಂದರೆ ಅದನ್ನು ಕ್ರೂಪ್ ಅಂದುಕೊಂಡು ಕಾಯುವುದುಂಟು. ಜೊಲ್ಲು ನುಂಗಲಾಗದೆ ಸುರಿಸುತ್ತಾ, ಮುಂದಕ್ಕೆ ಬಾಗಿ ಕೂತು, ಜೋರು ಜ್ವರದಿಂದ ತೀರಾ ಸುಸ್ತಾದ ಮಗು. ಅದು ಗಂಟಲಿನ ಬೇರೆ, ಹೆಚ್ಚು ಅಪಾಯದ ಸೋಂಕು ಇರಬಹುದು. ಹಾಗೆಯೇ ನೆಗಡಿಯೇ ಇಲ್ಲದೆ, ಆಡುತ್ತಾ ತಿನ್ನುತ್ತಾ ಇದ್ದಾಗ ತಟ್ಟನೆ ಶುರುವಾದ ಸದ್ದು. ಏನೋ ಸಿಕ್ಕಿಕೊಂಡಿರಬಹುದು. ಎರಡರಲ್ಲೂ ಕಾಯುವ ಮಾತೇ ಇಲ್ಲ.

ಎರಡನೆಯದು, ಮಗುವನ್ನು ಅಳಿಸಬೇಡಿ. ಅತ್ತಷ್ಟೂ ದಾರಿ ಕಿರಿದಾಗುತ್ತದೆ. ಬಾಯಿಗೆ ಚಮಚ ಹಾಕಿ ಗಂಟಲು ನೋಡಬೇಡಿ. ಬಲವಂತವಾಗಿ ಮಲಗಿಸಬೇಡಿ, ಅದು ಯಾವ ಭಂಗಿಯಲ್ಲಿ ಹಾಯಾಗಿದೆಯೋ ಹಾಗೇ ಎತ್ತಿಕೊಳ್ಳಿ. ಆವಿ ಬೇಡ. ಅದರಿಂದ ಕ್ರೂಪ್‌ಗೆ ಉಪಯೋಗ ಕಂಡಿಲ್ಲ, ಸುಟ್ಟ ಮಕ್ಕಳನ್ನು ಮಾತ್ರ ನಮ್ಮ ವಿಭಾಗದಲ್ಲಿ ನೋಡಿದ್ದೇನೆ. ಕೆಮ್ಮಿನ ಸಿರಪ್ಪೂ ಬೇಡ, ಕೆಲವದರಲ್ಲಿ ಮಂಪರು ತರುವ ಔಷಧ ಇರುತ್ತದೆ, ಆಮೇಲೆ ಮಗು ದಣಿದು ಮಲಗಿದೆಯೋ ಸಿರಪ್ಪಿಗೆ ಮಲಗಿದೆಯೋ ಗೊತ್ತಾಗುವುದಿಲ್ಲ. ಕಿಟಕಿ ತೆರೆದು ತಣ್ಣನೆ ಗಾಳಿಯಲ್ಲಿ ಬೆಚ್ಚಗೆ ಹೊದಿಸಿ ಎತ್ತಿಕೊಂಡು ನಿಂತರೆ ಸಣ್ಣ ಮಟ್ಟದ ಕ್ರೂಪ್ ಕೆಲವು ಸಲ ಹಗುರಾಗುತ್ತದೆ. ಆದರೆ ಪಕ್ಕೆ ಸೆಳೆಯುವ ಮಗುವನ್ನು ಕಿಟಕಿ ಹತ್ತಿರ ನಿಲ್ಲಿಸಿಕೊಂಡು ಸಮಯ ಕಳೆಯಬಾರದು.

"ಔಷಧ ಕೊಟ್ಟ ಮೇಲೂ ಯಾಕೆ ಮೂರ್ನಾಲ್ಕು ಗಂಟೆ ಇರಿಸಿಕೊಂಡರು?" ಅಂತ ಅಪ್ಪ ಕೇಳಿದರು. ಮಾಸ್ಕಿನ ಔಷಧ ಬೇಗ ಹಿಡಿಯುತ್ತದೆ, ಎರಡು ಗಂಟೆಯಷ್ಟರಲ್ಲಿ ಇಳಿದೂ ಹೋಗುತ್ತದೆ. ಅದು ಇಳಿದಾಗ ಊತ ಮತ್ತೆ ಕಾಣಬಹುದು. ಬಾಯಿಗೆ ಹಾಕಿದ ಸ್ಟಿರಾಯ್ಡ್ ನಿಧಾನ, ಆದರೆ ಒಂದೇ ಡೋಸ್ ಒಂದೆರಡು ದಿನ ಕಾಯುತ್ತದೆ. ಅದು ಪೂರ್ತಿ ಹಿಡಿಯುವವರೆಗೆ ಮೊದಲನೆಯದು ದಾರಿ ತೆರೆದು ಇಡುತ್ತದೆ. ಸುಧಾರಿಸಿತು ಅಂತ ನಡುವೆ ಎದ್ದು ಹೋಗಬಾರದು.

ಮೂರನೆಯ ಸಲಹೆ ಗಂಡ ಹೆಂಡತಿಗೆ. ರಾತ್ರಿ 2 ಗಂಟೆಗೆ ವಾದ ಮಾಡಬೇಡಿ ಅಂದೆ. ಇಬ್ಬರಲ್ಲಿ ಯಾರು ಹೋಗೋಣ ಅಂದರೂ ಹೊರಡುವುದು, ಆಮೇಲೆ ಸುಮ್ನೆ ಹೋದ್ವಿ ಅಂತ ಇನ್ನೊಬ್ಬರು ಆಡಿಕೊಳ್ಳಬಾರದು. ಇಬ್ಬರೂ ಒಪ್ಪಿದರು. ಅಮ್ಮನ ಕಾವಲಿಗೂ ಒಂದು ಗೆರೆ ಹಾಕಿದೆವು. ನೆಗಡಿ ಇಲ್ಲದ ದಿನ ಎದ್ದು ನೋಡುವಂತಿಲ್ಲ. ನೆಗಡಿ ಬಂದು ದನಿ ಒಡೆದರೆ ಮೂರು ರಾತ್ರಿ ಪಾಳಿ, 2 ಗಂಟೆವರೆಗೆ ಅಪ್ಪ, ಆಮೇಲೆ ಅಮ್ಮ. ಮೊದಲ ವಾರ ಆಕೆಗೆ ಇದು ಆಗಲಿಲ್ಲ. ಮೂರನೇ ವಾರ ಫೋನ್ ಮಾಡಿದಾಗ ಎರಡು ರಾತ್ರಿ ಪೂರ್ತಿ ಮಲಗಿದ್ದೆ ಅಂದರು.

ಎರಡು ತಿಂಗಳಿಗೆ ಮತ್ತೆ ನೆಗಡಿ, ಮತ್ತೆ ಆ ಕೆಮ್ಮು. ಕೆಲವು ಮಕ್ಕಳಿಗೆ ಹೀಗೆ ಮರುಕಳಿಸುತ್ತದೆ, ಉಸಿರುನಾಳ ಅಗಲವಾದ ಹಾಗೆ ಕಡಿಮೆಯಾಗುತ್ತದೆ. ಪದೇ ಪದೇ ಬಂದರೆ ಮಾತ್ರ ಬೇರೆ ಕಾರಣ ಇದೆಯಾ ಅಂತ ವೈದ್ಯರು ಹುಡುಕುತ್ತಾರೆ. ಆ ರಾತ್ರಿ ಪಾಳಿ ಅಪ್ಪನದು. ಮಗುವನ್ನು ಎತ್ತಿ ಕಿಟಕಿ ಹತ್ತಿರ ನಿಂತು, ಅಳು ನಿಂತ ಮೇಲೆ ಅಂಗಿ ಎತ್ತಿ ಒಂದು ನಿಮಿಷ ನೋಡಿದರು. ಗುಳಿ ಒಳಹೋಗುತ್ತಿರಲಿಲ್ಲ. ಸದ್ದು ಅತ್ತಾಗ ಮಾತ್ರ. ಅಷ್ಟನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ವೈದ್ಯರಿಗೆ ಫೋನ್ ಮಾಡಿದರು. ಗಂಟೆಗೊಮ್ಮೆ ಪಕ್ಕೆ ನೋಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂದರು ಅವರು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಗು ನಗುತ್ತಾ ಕೂತಿದ್ದರಿಂದ ಆ ವಿಡಿಯೋ ಇಲ್ಲದಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಬಾಯಿಗೆ ಒಂದು ಡೋಸ್ ಸ್ಟಿರಾಯ್ಡ್ ಹಾಕಿ ಕಳಿಸಿದರು. ಅಮ್ಮನನ್ನು ಎಬ್ಬಿಸಿದ್ದು 2 ಗಂಟೆಗೇ, ಪಾಳಿ ಬದಲಿಸಲು.