ತಡವಾದ ಕೆಲಸಕ್ಕೂ ಎಸ್‌ಪಿಐ 1 ಬರುವುದೇಕೆ?

> "ಸಕಲೇಶಪುರದ ಕಾಫಿ ಗೋಡೌನ್ 10 ತಿಂಗಳಲ್ಲಿ ಮುಗಿಯಬೇಕಿತ್ತು, ಈಗ 12 ತಿಂಗಳಾಯ್ತು. ಆದ್ರೂ ಎಸ್‌ಪಿಐ ಏರ್ತಾನೇ ಇದೆಯಲ್ಲ ಸಾರ್?"

ಏರಲೇಬೇಕು ಸಾರ್. ಎಸ್‌ಪಿಐ ಅಂದರೆ ಆಗಿರುವ ಕೆಲಸದ ಮೌಲ್ಯವನ್ನು ಆ ಹೊತ್ತಿಗೆ ಪ್ಲಾನ್ ಮಾಡಿದ ಮೌಲ್ಯದಿಂದ ಭಾಗಿಸಿದ್ದು. ಪ್ಲಾನ್ ಮಾಡಿದ ಮೌಲ್ಯ 10ನೇ ತಿಂಗಳಿಗೇ ಪೂರ್ತಿ ಬಜೆಟ್ ಮುಟ್ಟಿ ನಿಂತಿದೆ. ಆಗಿರುವ ಕೆಲಸದ ಮೌಲ್ಯ ಮಾತ್ರ ಅದರ ಹತ್ತಿರ ಬರುತ್ತಿದೆ. ಎಷ್ಟೇ ತಡವಾದರೂ, ಮುಗಿದ ದಿನ ವ್ಯತ್ಯಾಸ ಸೊನ್ನೆ, ಎಸ್‌ಪಿಐ 1.

ಬಜೆಟ್ 50 ಲಕ್ಷ, ಪ್ಲಾನ್ ಪ್ರಕಾರ ತಿಂಗಳಿಗೆ 5 ಲಕ್ಷದ ಕೆಲಸ ಅಂತಿಟ್ಟುಕೊಳ್ಳಿ. ಈಗ 45 ಲಕ್ಷದ್ದು ಆಗಿದೆ. ಎಸ್‌ಪಿಐ 0.90, ನೋಡೋಕೆ ಚೆನ್ನಾಗೇ ಇದೆ ಅಲ್ವಾ?

ಪ್ರಗತಿಯನ್ನು ದುಡ್ಡಿನ ಬದಲು ಸಮಯದಲ್ಲಿ ಅಳೆಯುವ ಅರ್ನ್ಡ್ ಶೆಡ್ಯೂಲ್ ಲೆಕ್ಕ ಬೇರೆ ಥರ ಕೇಳುತ್ತದೆ: ಈ 45 ಲಕ್ಷದ ಕೆಲಸ ಪ್ಲಾನ್‌ನಲ್ಲಿ ಯಾವಾಗ ಆಗಬೇಕಿತ್ತು? 9ನೇ ತಿಂಗಳ ಕೊನೆಗೆ. ಅಂದರೆ ಕೆಲಸ 3 ತಿಂಗಳು ಹಿಂದೆ ಬಿದ್ದಿದೆ. 9 ಭಾಗಿಸು 12, ಸಮಯದ ಎಸ್‌ಪಿಐ 0.75. ಇದೇ ವೇಗವಾದರೆ 10 ಭಾಗಿಸು 0.75, ಮುಗಿಯೋಕೆ ಒಟ್ಟು 13 ತಿಂಗಳು ದಾಟುತ್ತದೆ.

ಬಾಕಿ 5 ಲಕ್ಷ ಬರೀ ರೋಲಿಂಗ್ ಶಟರ್‌ದಾಗಿದ್ದು, ಅದು ಬರದೆ ನಿಂತಿದ್ದರೆ ಈ ಅಂದಾಜೂ ಕೆಡುತ್ತದೆ. ಶಟರ್ ತಾರೀಖನ್ನು ಬೇರೆಯಾಗಿಯೇ ವಿಚಾರಿಸಿ.