ನುಗ್ಗೇಹಳ್ಳಿಗೆ ಯಾಕೆ ಸಿಗಲಿಲ್ಲ? ಹೊಯ್ಸಳ ಗುಡಿಗಳ ‘ಜಾಗತಿಕ ಮೌಲ್ಯ’ದ ವಾದ ಕಟ್ಟುವ ಬಗೆ

ಪ್ರಶ್ನೆ: ನಮ್ಮೂರು ನುಗ್ಗೇಹಳ್ಳಿ ಹತ್ತಿರ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರಕ್ಕೆ ಮಾತ್ರ ಯುನೆಸ್ಕೊ ಪಟ್ಟ ಸಿಕ್ಕಿದೆ. ನಮ್ಮ ಲಕ್ಷ್ಮೀನರಸಿಂಹ ಗುಡಿಯೂ ಅಷ್ಟೇ ಚೆನ್ನಾಗಿದೆ. ‘ಅಸಾಧಾರಣ ಜಾಗತಿಕ ಮೌಲ್ಯ’ ಅಂತ ಯುನೆಸ್ಕೊಗೆ ಕಳಿಸೋ ಅರ್ಜಿಯ ಡೋಸಿಯರ್‌ನಲ್ಲಿ ಬರೀತಾರಲ್ಲ, ಅದನ್ನ ಹೇಗೆ ಸಾಬೀತು ಮಾಡ್ತಾರೆ?

ಉತ್ತರ:

ಪಾರಂಪರಿಕ ಕಟ್ಟಡಗಳ ದಾಖಲಾತಿ ನನ್ನ ಕೆಲಸ. ಹೊಯ್ಸಳರ ಡೋಸಿಯರ್ ಬರೆದ ತಂಡದಲ್ಲಿ ನಾನಿರಲಿಲ್ಲ. ಬೇರೆ ತಾಣಗಳ ಕರಡುಗಳಲ್ಲಿ ಕೆಲಸ ಮಾಡಿ, ಬೈಸಿಕೊಂಡು ಕಲಿತಿದ್ದೇನೆ. ಹಾಗಾಗಿ ಇಲ್ಲಿ ಬರೆದಿರುವುದು ಹೊರಗಿನವನ ಓದು.

ನೀವು ‘ಚೆನ್ನಾಗಿದೆ’ ಅಂದಿರಿ. ಸಾಮಾನ್ಯವಾಗಿ ಕರಡು ಎಡವುವುದು ಅಲ್ಲೇ. ‘ಶಿಲ್ಪಕಲೆಯ ತವರು’, ‘ಕಲ್ಲಿನಲ್ಲಿ ಬರೆದ ಕವಿತೆ’ ಅಂತೆಲ್ಲ ಮೊದಲ ಪುಟದಲ್ಲಿ ಇರುತ್ತದೆ. ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ವಾಕ್ಯದಲ್ಲಿರುವ ಗುಡಿಯ ಹೆಸರು ತೆಗೆದು ಅಲ್ಲಿ ಖಜುರಾಹೊ ಅಂತ ಹಾಕಿ ಓದುವುದು. ಆಗಲೂ ವಾಕ್ಯ ಸರಿಯಾಗಿಯೇ ಕೂತರೆ ಅದನ್ನು ಹೊಡೆದು ಹಾಕುತ್ತೇನೆ. ಒಂದು ಸಲ ಹೀಗೆ ಮಾಡಿ ನಾಲ್ಕು ಪುಟದಲ್ಲಿ ಒಂದೂವರೆ ಪ್ಯಾರಾ ಉಳಿದಿತ್ತು.

ವಾದ ನಿಲ್ಲುವುದು ಕಣ್ಣಿಗೆ ಕಾಣುವ ಅಂಶಗಳ ಮೇಲೆ. ಅವನ್ನು ಯುನೆಸ್ಕೊದ ಹತ್ತು ಮಾನದಂಡಗಳಲ್ಲಿ ಒಂದಕ್ಕಾದರೂ ಗಂಟು ಹಾಕಬೇಕು. ಆಮೇಲೆ ಜಗತ್ತಿನ ಬೇರೆ ತಾಣಗಳ ಪಕ್ಕ ಇಟ್ಟು ತೋರಿಸಬೇಕು. ಹೊಯ್ಸಳ ಗುಡಿಗಳು 2014ರಿಂದ, ನಾಮನಿರ್ದೇಶನಕ್ಕೆ ಮೊದಲಿನ ತಾತ್ಕಾಲಿಕ ಪಟ್ಟಿಯಲ್ಲಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ರಿಯಾದ್ ಸಭೆಯಲ್ಲಿ ಒಂದು, ಎರಡು, ನಾಲ್ಕನೇ ಮಾನದಂಡಗಳ ಮೇಲೆ ಸೇರ್ಪಡೆಯಾದವು. ಒಂದನೆಯದು ಮನುಷ್ಯನ ಸೃಜನಶಕ್ತಿಯ ಮೇರುಕೃತಿ ಅನ್ನುವುದು. ಎರಡನೆಯದು ವಾಸ್ತು, ಕಲೆಗಳ ಬೆಳವಣಿಗೆಯಲ್ಲಿ ಆದ ಕೊಡುಕೊಳ್ಳುವಿಕೆ. ನಾಲ್ಕನೆಯದು ಇತಿಹಾಸದ ಮುಖ್ಯ ಘಟ್ಟವನ್ನು ತೋರಿಸುವ ಕಟ್ಟಡದ ಮಾದರಿ.

ಇಲ್ಲಿ ಆರನೇ ಮಾನದಂಡ ಇಲ್ಲದಿರುವುದನ್ನು ಗಮನಿಸಿ. ನಂಬಿಕೆ, ಘಟನೆ, ಸಾಹಿತ್ಯ, ಜೀವಂತ ಸಂಪ್ರದಾಯಗಳ ಮಾನದಂಡ ಅದು. ನಮ್ಮ ಕಡೆಯ ಕರಡುಗಳಲ್ಲಿ ಅದರ ಮೇಲೆ ಎಲ್ಲರಿಗೂ ಆಸೆ. ಶಾಂತಲೆಯ ನೃತ್ಯ, ಸ್ಥಳಪುರಾಣ ಎಲ್ಲ ತಂದು ತುಂಬುತ್ತಾರೆ. ಆದರೆ ಆ ನಂಬಿಕೆಗೂ ಜಗತ್ತಿನ ಮಟ್ಟದ ಮಹತ್ವ ಇದೆ ಅಂತ ತೋರಿಸಬೇಕಾಗುತ್ತದೆ. ಊರಿಗೆ ದೊಡ್ಡದು ಅನ್ನುವುದು ಸಾಕಾಗಲ್ಲ.

ಈಗ ಹೋಲಿಕೆಯ ಅಧ್ಯಾಯಕ್ಕೆ ಬರೋಣ. ಇದನ್ನು ಕೊನೆಗೆ ಬರೆಯುವ ಸೇರ್ಪಡೆ ಅಂದುಕೊಳ್ಳುತ್ತಾರೆ, ಅಸಲಿ ವಾದ ಇರುವುದೇ ಅಲ್ಲಿ. ನನ್ನ ಮೊದಲ ಕರಡಿನಲ್ಲಿ ನಾನೊಂದು ದೊಡ್ಡ ಕೋಷ್ಟಕ ಮಾಡಿದ್ದೆ. ನಮ್ಮ ತಾಣದ ಸಾಲಿನಲ್ಲಿ ಎಲ್ಲಾ ಕಡೆ ಟಿಕ್. ಉಳಿದವರ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಓದಿದ ಹಿರಿಯರು ಒಂದೇ ಮಾತು ಅಂದರು: “ನಿಮ್ಮ ಅಳತೆಗೆ ಅಂಗಿ ಹೊಲಿಸಿಕೊಂಡು, ಪಕ್ಕದ ಮನೆಯವರಿಗೆ ಅದು ಆಗಲಿಲ್ಲ ಅಂತ ಬರೆದಿದ್ದೀರಲ್ಲ.” ನಿಜ. ನಮ್ಮ ಗುಡಿಯಲ್ಲಿ ಏನೇನಿದೆಯೋ ಅದನ್ನೇ ಕಾಲಂ ಮಾಡಿದ್ದೆ. ಮೊದಲು ವಾದ ಏನು ಅಂತ ಒಂದು ವಾಕ್ಯದಲ್ಲಿ ಗಟ್ಟಿ ಮಾಡಿಕೊಂಡು, ಆ ವಾಕ್ಯವನ್ನು ಸುಳ್ಳು ಮಾಡಬಲ್ಲ ತಾಣಗಳನ್ನು ಹುಡುಕಿ ಪಕ್ಕದಲ್ಲಿ ಇಡಬೇಕಿತ್ತು.

ಹೊಯ್ಸಳರಿಗೆ ಅಂಥ ಎದುರಾಳಿ ದೂರದಲ್ಲೇನೂ ಇಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ್ದು, 1112ರದ್ದು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅಂದರೆ ಇಟಗಿಯೇ ಐದು ವರ್ಷ ದೊಡ್ಡದು. ಅಲ್ಲೂ ಮೆತ್ತನೆಯ ಬಳಪದ ಕಲ್ಲು, ಅಲ್ಲೂ ತಿರುಗಣೆಯಲ್ಲಿ ಕಡೆದಂಥ ಕಂಬ. ನಕ್ಷತ್ರಾಕಾರದ ತಳವಿನ್ಯಾಸ ಬೇಕೆಂದರೆ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಿ, ಅದೂ ಚಾಲುಕ್ಯರದೇ. ಹಾಗಾದರೆ ‘ಬಳಪದ ಕಲ್ಲನ್ನು, ನಕ್ಷತ್ರದ ನಕ್ಷೆಯನ್ನು ಹೊಯ್ಸಳರು ಕಂಡುಹಿಡಿದರು’ ಅಂತ ಬರೆದರೆ ವಾದ ಅಲ್ಲಿಗೇ ಮುಗಿಯಿತು. ವಿಷಯ ಗೊತ್ತಿರುವ ಒಬ್ಬ ಪರಿಶೀಲಕ ಸಾಕು. ಸಾಂಸ್ಕೃತಿಕ ತಾಣಗಳನ್ನು ಪರಿಶೀಲಿಸುವ ಐಕೋಮಾಸ್ ಸಂಸ್ಥೆಯವರು ಅಂಥವರನ್ನೇ ಕೇಳುತ್ತಾರೆ.

ಇದಕ್ಕೆ ದಾರಿ ಏನು? ಯುನೆಸ್ಕೊದ ಅಧಿಕೃತ ವಿವರಣೆ ಓದಿದರೆ ಗೊತ್ತಾಗುತ್ತದೆ. ಹೊಯ್ಸಳರು ಹೊಸದಾಗಿ ಹುಟ್ಟಿಸಿದರು ಅಂತ ಅಲ್ಲಿ ಹೇಳಿಲ್ಲ. ತಮ್ಮ ಕಾಲದ ಮತ್ತು ಹಿಂದಿನ ಕಾಲದ ಗುಡಿಗಳಿಂದ ಅಂಶಗಳನ್ನು ಎಚ್ಚರದಿಂದ ಆಯ್ದುಕೊಂಡು, ನೆರೆಯ ರಾಜ್ಯಗಳಿಗಿಂತ ಬೇರೆಯಾದ ಗುರುತು ಕಟ್ಟಿಕೊಂಡರು ಅಂತಿದೆ. ಅಂದರೆ ಸಾಲ ತಂದದ್ದನ್ನು ಮುಚ್ಚಿಡದೆ ಅದನ್ನೇ ಎರಡನೇ ಮಾನದಂಡದ ಬಲ ಮಾಡಿಕೊಂಡಿದ್ದಾರೆ. ನನಗೆ ಇದು ಇಡೀ ಡೋಸಿಯರ್‌ನ ಜಾಣ ನಡೆ ಅನ್ನಿಸುತ್ತದೆ. ‘ಮೊದಲಿಗರು’ ಅನ್ನುವ ವಾದವನ್ನು ಯಾವುದೋ ಊರಿನ ಒಂದು ಶಾಸನ ಬೀಳಿಸಬಹುದು. ‘ಹೀಗೆ ಆಯ್ದು ಜೋಡಿಸಿದರು’ ಅನ್ನುವುದನ್ನು ಬೀಳಿಸಲು ಇದೇ ಜೋಡಣೆ ಇರುವ ಇನ್ನೊಂದು ಪರಂಪರೆಯನ್ನೇ ತಂದು ತೋರಿಸಬೇಕು.

ಜೋಡಣೆ ಅಂದರೆ ಏನು ಅಂತ ಸೋಮನಾಥಪುರದಲ್ಲಿ ನಿಂತು ನೋಡಿ. ಗುಡಿಯ ಮೂಲೆಗಳನ್ನೇ ಅನುಸರಿಸಿ ತಿರುಗುವ ಎತ್ತರದ ಕಟ್ಟೆ, ಅಂದರೆ ಜಗತಿ. ಅದರ ಮೇಲೆ ನಡೆಯುತ್ತಾ ಪ್ರದಕ್ಷಿಣೆ ಹಾಕುತ್ತೀರಿ. ಗೋಡೆಯ ಕೆಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣಕಥೆಗಳ ಪಟ್ಟಿಕೆಗಳು ಒಂದರ ಮೇಲೊಂದು ಬರುತ್ತವೆ. ಅದಕ್ಕೂ ಮೇಲೆ ದೊಡ್ಡ ದೇವತಾ ಮೂರ್ತಿಗಳ ಸಾಲು. ಗೋಡೆ ಹೆಜ್ಜೆಹೆಜ್ಜೆಗೂ ಮುರಿದು ತಿರುಗುವುದರಿಂದ ಪ್ರತಿ ಮೂರ್ತಿಗೂ ತನ್ನದೇ ಮುಖ, ತನ್ನದೇ ನೆರಳು. ಇಲ್ಲಿ ನಕ್ಷೆ, ಜಗತಿ, ಶಿಲ್ಪ, ಭಕ್ತರ ನಡಿಗೆ ಎಲ್ಲ ಒಂದಕ್ಕೊಂದು ಸೇರಿಕೊಂಡಿವೆ. ಇದೇ ಮಾತನ್ನು ತಂಜಾವೂರಿನ ಚೋಳ ಗುಡಿಗೆ ಹೇಳಲಾಗದು. ಅದು ಗಟ್ಟಿ ಗ್ರಾನೈಟ್, ಅದರ ಬಲ ಎತ್ತರದಲ್ಲಿದೆ. ಆ ಗುಡಿ 1987ರಲ್ಲೇ, ಅದರ ಜೊತೆಯ ಚೋಳ ಗುಡಿಗಳು 2004ರಲ್ಲಿ ಪಟ್ಟಿಗೆ ಬಂದಿವೆ. ಹಾಗಾಗಿ ‘ಅವು ಹೇಳದ ಯಾವ ಕಥೆಯನ್ನು ನೀವು ಹೇಳುತ್ತೀರಿ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಈ ಜೋಡಣೆ.

ಕೊಡುಕೊಳ್ಳುವಿಕೆಗೆ ಕಲ್ಲಿನಲ್ಲೇ ಸಾಕ್ಷಿ ಬೇಕು. ನಾನಾಗಿದ್ದರೆ ಬೇಲೂರಿನ ಎರಡು ವಿಷಯ ಹಿಡಿಯುತ್ತಿದ್ದೆ. ಅಲ್ಲಿ ಮೆಟ್ಟಿಲ ಪಕ್ಕದ ಪುಟ್ಟ ಗುಡಿಗಳ ಮೇಲೆ ಭೂಮಿಜ ಶೈಲಿಯ ಶಿಖರವಿದೆ. ಆ ಶೈಲಿಯ ಬೇರು ಮಾಳವದ ಕಡೆಯದು. ಇನ್ನೊಂದು, ಮದನಿಕೆಗಳ ಕೆಳಗೆ ಹೆಸರು ಕೆತ್ತಿಕೊಂಡ ರೂವಾರಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ದಾಸೋಜ ಬಳ್ಳಿಗಾವೆಯವನು. ಬಳ್ಳಿಗಾವೆ ಚಾಲುಕ್ಯರ ಕಾಲದ ದೊಡ್ಡ ಕೇಂದ್ರ. ಶೈಲಿ ಹೇಗೆ ಬಂತು ಅಂತ ಊಹಿಸಬೇಕಿಲ್ಲ, ಆ ಕೈಯೇ ನಡೆದು ಬಂದಿದೆ. ಇದೇ ರುಜು ಮೊದಲ ಮಾನದಂಡಕ್ಕೂ ಆಗುತ್ತದೆ. ಯಾಕೆಂದರೆ ಸೃಜನಶಕ್ತಿ ಅಂದಾಗ ‘ಯಾರದು?’ ಅಂತ ಕೇಳಿದರೆ ಹೆಸರು ಹೇಳಬಹುದು. ಮಧ್ಯಯುಗದ ಗುಡಿಗಳಲ್ಲಿ ಈ ಅನುಕೂಲ ಎಲ್ಲ ಕಡೆ ಸಿಗಲ್ಲ.

ಮಾನದಂಡ ಗೆದ್ದರೆ ಸಾಲದು. ತಾಣ ಇಡಿಯಾಗಿ ಉಳಿದಿದೆಯಾ, ಅಸಲಿಯಾಗಿದೆಯಾ, ಕಾಪಾಡುವ ವ್ಯವಸ್ಥೆ ಇದೆಯಾ ಅಂತಲೂ ನೋಡುತ್ತಾರೆ. ಇಲ್ಲಿ ವಾದದ ಮಾತುಗಳನ್ನು ತೂಗಿ ಬಳಸಬೇಕು. ಬೇಲೂರಿನ ಮುಖ್ಯ ಗುಡಿಗೂ ಹಳೇಬೀಡಿಗೂ ಇವತ್ತು ಶಿಖರವಿಲ್ಲ. ನೀವು ‘ಹೊಯ್ಸಳ ಶಿಖರವೇ ಜಾಗತಿಕ ಮೌಲ್ಯ’ ಅಂತ ಬರೆದುಬಿಟ್ಟರೆ ಮೂರರಲ್ಲಿ ಎರಡು ತಾಣ ನೀವೇ ಹೊರಗೆ ಹಾಕಿದಂತೆ. ಹಾಗೆಯೇ ಬೇಲೂರಿನಲ್ಲಿ ನಿತ್ಯಪೂಜೆ ಇದೆ, ಸೋಮನಾಥಪುರದಲ್ಲಿ ಇಲ್ಲ. ‘ಜೀವಂತ ಪೂಜಾ ಪರಂಪರೆ’ಯನ್ನು ನಡುಕಂಬ ಮಾಡಿದರೆ ಸೋಮನಾಥಪುರ ಕೈಬಿಡಬೇಕು. ಗೋಡೆ, ಜಗತಿ, ಪಟ್ಟಿಕೆ, ಶಿಲ್ಪ ಮಾತ್ರ ಮೂರೂ ಕಡೆ ಉಳಿದಿವೆ. ವಾದವೂ ಅವುಗಳ ಮೇಲೇ ನಿಂತಿದೆ, ಅದು ಕಾಕತಾಳೀಯ ಅಲ್ಲ ಅಂತ ನನ್ನ ಲೆಕ್ಕ.

ಇನ್ನು ನುಗ್ಗೇಹಳ್ಳಿ. ಹಲವು ತಾಣಗಳನ್ನು ಒಟ್ಟಿಗೆ ಕಳಿಸುವ ಇಂಥ ಸರಣಿ ನಾಮನಿರ್ದೇಶನದಲ್ಲಿ ಒಂದು ನಿಯಮ ಇದೆ. ಪ್ರತಿ ತಾಣವೂ ಒಟ್ಟು ಮೌಲ್ಯಕ್ಕೆ ಗುರುತಿಸಬಹುದಾದಂಥ ಏನನ್ನಾದರೂ ಗಟ್ಟಿಯಾಗಿ ಸೇರಿಸಬೇಕು. ಚೆನ್ನಾಗಿರುವ ಗುಡಿಗಳನ್ನೆಲ್ಲ ಪೋಣಿಸುವ ಹಾಗಿಲ್ಲ. ಬೇಲೂರು ವಿಷ್ಣುವರ್ಧನನ ಕಾಲದ ದೊಡ್ಡ ಆರಂಭ. ಹಳೇಬೀಡಿನ ಜೋಡಿ ಶಿವಾಲಯದ್ದು ಗೋಡೆ ಶಿಲ್ಪದ ಪರಾಕಾಷ್ಠೆ. ಸೋಮನಾಥಪುರ 13ನೇ ಶತಮಾನದ್ದು, ಹೊಯ್ಸಳ ಶೈಲಿಯ ಕೊನೆಯ ಘಟ್ಟ, ಮೂರು ಶಿಖರ ಮತ್ತು ಸುತ್ತಿನ ಪ್ರಾಕಾರದ ಸಮೇತ ಉಳಿದಿರುವುದು. ನಿಮ್ಮ ಗುಡಿ 1246ರದ್ದು, ಅದೂ ಮೂರು ಗರ್ಭಗುಡಿಗಳ ತ್ರಿಕೂಟವೇ. ಆದರೆ ನಡುವಿನ ಗರ್ಭಗುಡಿಗೆ ಮಾತ್ರ ಶಿಖರ. ಸೋಮನಾಥಪುರದಲ್ಲಿ ಕೆಲಸ ಮಾಡಿದ ಶಿಲ್ಪಿ ಮಲ್ಲಿತಮ್ಮನೇ ನಿಮ್ಮಲ್ಲೂ ಇದ್ದಾನೆ. ಆದ್ದರಿಂದ ‘ತ್ರಿಕೂಟ, ಅದೇ ಶಿಲ್ಪಿ’ ಅಂತ ವಾದಿಸಿದರೆ ‘ಅದು ಸೋಮನಾಥಪುರದಲ್ಲಿ ಬಂದಾಯಿತಲ್ವಾ’ ಅನ್ನುತ್ತಾರೆ. ಗುಡಿ ಕಡಿಮೆಯದು ಅಂತಲ್ಲ. ಆ ಸಾಲಿನಲ್ಲಿ ಅದರ ಕುರ್ಚಿ ಆಗಲೇ ತುಂಬಿದೆ.

ಮುಂದೆ ಸೇರಿಸಲು ಆಗುತ್ತದಾ ಅಂದರೆ, ಈಗಿನ ಸರಣಿಗೆ ಒಂದು ಗುಡಿ ಸೇರಿಸುವುದಕ್ಕೂ ಹೆಚ್ಚುಕಮ್ಮಿ ಹೊಸ ಡೋಸಿಯರ್‌ನಷ್ಟೇ ಕೆಲಸ ಇದೆ. ಅದನ್ನು ಕಳಿಸಬೇಕಾದ್ದೂ ಭಾರತ ಸರ್ಕಾರ. ಆದರೂ ನೀವು ಹುಡುಕಲು ಶುರು ಮಾಡುವುದಾದರೆ ಒಂದು ಜಾಗ ಹೇಳುತ್ತೇನೆ. ನಿಮ್ಮ ಗುಡಿಯ ದಕ್ಷಿಣ ಗೋಡೆಯ ಶಿಲ್ಪಗಳು ನಂದಿ ಊರಿನ ಶಿಲ್ಪಿ ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಒಂದೇ ಕಾಲ, ಒಂದೇ ಕಲ್ಲು, ಒಂದೇ ಯೋಜನೆ, ಎರಡು ಕೈ. ಎರಡೂ ಗೋಡೆಯ ಫೋಟೊ ತೆಗೆದು, ಒಂದೇ ದೇವತೆ ಎರಡೂ ಕಡೆ ಇರುವಲ್ಲಿ ಜೋಡಿ ಮಾಡಿ ಪಕ್ಕಪಕ್ಕ ಇಡಿ. ಒಡವೆ, ಮೈಕಟ್ಟು, ಹಿನ್ನೆಲೆಯ ಬಳ್ಳಿ ಹೇಗೆ ಬೇರೆಯಾಗುತ್ತವೆ ಅಂತ ಬರೆದುಕೊಳ್ಳಿ. ಆಮೇಲೆ ಅದೇ ಕ್ಯಾಮರಾ ಹಿಡಿದು ಹಳೇಬೀಡಿಗೂ ಸೋಮನಾಥಪುರಕ್ಕೂ ಹೋಗಿ, ಇಷ್ಟು ಸ್ಪಷ್ಟವಾಗಿ ಭಾಗವಾದ ಗೋಡೆ ಅಲ್ಲಿ ಸಿಗುತ್ತದಾ ನೋಡಿ. ಸಿಗದಿದ್ದರೆ ಫೋಟೊಗಳನ್ನು ಇಲ್ಲೇ ಹಾಕಿ, ನಾನೂ ನೋಡುತ್ತೇನೆ.